ಅಣ್ಣನ 12 ಅಡಿ ಗೋಡೆ, ನನ್ನ ಎರಡು ಗಿಡ್ಡ ಗೋಡೆ: ಒಂದೇ ಇಳಿಜಾರಿನ ಎರಡು ಮನೆ

ಮೊದಲೇ ಹೇಳಿಬಿಡುತ್ತೇನೆ, ಇಳಿಜಾರಿನಲ್ಲಿ ಮಣ್ಣು ತಡೆಯಲು ನನ್ನ ಮತ ಗಿಡ್ಡ ಗೋಡೆಗಳಿಗೆ. ಎತ್ತರದ ಗೋಡೆಯನ್ನು ಮುಂದೆ ನಿಂತು ಕಟ್ಟಿಸಿದವನೂ ನಾನೇ ಆದ್ದರಿಂದ ಹೀಗೆ ಹೇಳುವ ಹಕ್ಕು ನನಗಿದೆ.

ಮಡಿಕೇರಿ ಹತ್ತಿರ ಅಪ್ಪ ಬಿಟ್ಟುಹೋದ ಜಾಗವನ್ನು ನಾನೂ ಅಣ್ಣನೂ ಪಾಲು ಮಾಡಿಕೊಂಡೆವು. ಇಬ್ಬರದೂ 40 ಅಡಿ ಅಗಲ, 60 ಅಡಿ ಉದ್ದ. ರಸ್ತೆಯಿಂದ ಹಿಂದಕ್ಕೆ ಹೋದಂತೆ 15 ಅಡಿ ಇಳಿಯುತ್ತದೆ. ಅಣ್ಣ ಬೆಂಗಳೂರಿನಲ್ಲಿರುವುದರಿಂದ ಅವನ ಮನೆಯ ಉಸ್ತುವಾರಿ ನನ್ನ ಪಾಲಿಗೆ ಬಂತು. ಅವನಿಗೆ ಬೇಕಿದ್ದದ್ದು ಊರಿನ ಸೈಟಿನಲ್ಲಿ ಕಟ್ಟುವಂಥದೇ ನಕ್ಷೆ: ಎಲ್ಲ ಕೋಣೆಗಳೂ ಒಂದೇ ಮಟ್ಟದಲ್ಲಿ, ಒಂದೇ ಒಂದು ಮೆಟ್ಟಿಲೂ ಇಲ್ಲದೆ. ಹಾಗಾಗಿ ರಸ್ತೆಯಿಂದ 48 ಅಡಿ ಹಿಂದೆ 12 ಅಡಿ ಎತ್ತರದ ಕಾಂಕ್ರೀಟ್ ತಡೆಗೋಡೆ ಎಬ್ಬಿಸಿ, ಮಧ್ಯದ ಹಳ್ಳವನ್ನು ಮಣ್ಣಿನಿಂದ ತುಂಬಿಸಿದೆವು. ಬದಿಗಳಿಂದ ಮಣ್ಣು ಜಾರಬಾರದಲ್ಲ, ಅಲ್ಲಿಗೂ ಗೋಡೆ ಬೇಕಾಯಿತು. ಅದು ಅಂದಾಜುಪಟ್ಟಿಯಲ್ಲಿ ಇರಲಿಲ್ಲ.

ಈ ಗೋಡೆ ನೋಡಲು ತೆಳ್ಳಗಿರುತ್ತದೆ, ಆದರೆ ಅದರ ಪಾದ ಅಗಲ. 12 ಅಡಿ ಗೋಡೆಗೆ ಸುಮಾರು 7 ಅಡಿ ಪಾದ ಬೇಕು; ಅದರ ಹೆಚ್ಚಿನ ಭಾಗ ಗುಡ್ಡದ ಕಡೆಗೆ ಚಾಚಿ, ಮೇಲೆ ಬಿದ್ದ ಮಣ್ಣಿನ ಭಾರದಿಂದಲೇ ಗೋಡೆಯನ್ನು ಹಿಡಿದು ನಿಲ್ಲಿಸುತ್ತದೆ. ಅಷ್ಟು ಅಗಲ ತೋಡಲು ಜೆಸಿಬಿ ಇಳಿದ ದಿನವೇ ಕಡಿದಾದ ಮಣ್ಣಿನ ಬರೆ ಒಮ್ಮೆ ಜರಿಯಿತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿ ಇಳಿದದ್ದನ್ನು ಕಂಡ ಕೊಡಗಿನವರಿಗೆ ಬರೆ ಜರಿಯುವ ಸದ್ದು ಕೇಳಿದರೆ ಕೈಕಾಲು ತಣ್ಣಗಾಗುತ್ತದೆ.

ಆದರೂ ಗೋಡೆ ಚೆನ್ನಾಗಿಯೇ ಎದ್ದಿತು. ತೊಂದರೆ ಶುರುವಾದದ್ದು ಎರಡನೆಯ ಮಳೆಗಾಲದಲ್ಲಿ.

ತಡೆಗೋಡೆಯಲ್ಲಿ ನೀರು ಹೊರಬರಲೆಂದು ತೂತು ಬಿಡುತ್ತಾರೆ. ನಮ್ಮದರಲ್ಲಿ ಮೂರು ಸಾಲಿನಲ್ಲಿ 24 ತೂತುಗಳಿದ್ದವು, 3 ಇಂಚಿನ ಪಿವಿಸಿ ಕೊಳವೆ ಹಾಕಿದ್ದೆವು. ಜುಲೈ ತಿಂಗಳ ಒಂದು ಮಧ್ಯಾಹ್ನ, ಮೂರು ದಿನದಿಂದ ಮಳೆ ಬಿಟ್ಟೂಬಿಡದೆ ಸುರಿಯುತ್ತಿದ್ದಾಗ, ಕೊಡೆ ಹಿಡಿದು ಕೆಳಗಿಳಿದು ನೋಡಿದೆ. ನೀರು ಬರುತ್ತಿದ್ದದ್ದು ಮೂರೇ ತೂತಿನಿಂದ. ಉಳಿದವು ಒಣಗಿ ಬಾಯಿ ಬಿಟ್ಟುಕೊಂಡಿದ್ದವು. ನೀರೇ ಇಲ್ಲವಲ್ಲ, ಒಳ್ಳೆಯದಾಯಿತು ಎಂದು ಮೇಸ್ತ್ರಿ ಸಮಾಧಾನ ಹೇಳಿದ. ನಾನೂ ನಂಬಿ ಮನೆಗೆ ಬಂದು ಕಾಫಿ ಕುಡಿದೆ.

ಅದು ಒಳ್ಳೆಯದಲ್ಲ, ಅದೇ ಕೆಟ್ಟದ್ದು. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುವ ಊರಿನಲ್ಲಿ ಗೋಡೆಯ ತೂತು ಒಣಗಿದ್ದರೆ, ನೀರು ಹಿಂದೆ ನಿಂತಿದೆ ಎಂದೇ ಅರ್ಥ. ತೂತಿನ ಹಿಂದೆ ಒಂದಡಿ ದಪ್ಪ ಜೆಲ್ಲಿ, ಅದಕ್ಕೂ ಮಣ್ಣಿಗೂ ನಡುವೆ ಸೋಸುವ ಬಟ್ಟೆ ಇರಬೇಕಿತ್ತು. ಲಾರಿ ಮಣ್ಣು ಸುರಿಯುವ ಅವಸರದಲ್ಲಿ ಅದನ್ನು ಬಿಟ್ಟಿದ್ದರು. ಜಿಗುಟು ಕೆಂಪು ಮಣ್ಣು ನೇರವಾಗಿ ಕೊಳವೆಯ ಬಾಯಿಗೆ ಮೆತ್ತಿಕೊಂಡಿತ್ತು. ಒಂದಕ್ಕೆ ಕಬ್ಬಿಣದ ಸರಳು ತೂರಿಸಿದಾಗ ಮೊದಲು ಕೆಸರು ಬಂತು, ಆಮೇಲೆ ನಲ್ಲಿ ತಿರುಗಿಸಿದಂತೆ ನೀರು.

ಎಂಜಿನಿಯರ್ ಬಂದು ಕಾಗದದ ಮೇಲೆ ಹಾಕಿ ತೋರಿಸಿದ ಲೆಕ್ಕ ಇದು. 12 ಅಡಿ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ನೀರು ನಿಲ್ಲದ ಮಣ್ಣು ನೂಕುವುದು ಸುಮಾರು 4 ಟನ್. ಹಿಂದೆ ನೀರು ತುಂಬಿದರೆ ಅದು 8 ಟನ್ ದಾಟುತ್ತದೆ. ಅಂದರೆ ಮಣ್ಣು ಹೊರಲು ಕಟ್ಟಿದ ಗೋಡೆಗೆ ನಾವು ಒಂದು ಕೆರೆಯನ್ನೂ ಹೊರಿಸಿದ್ದೆವು. ತೂಕದ ಗುಂಡು ಇಳಿಬಿಟ್ಟು ನೋಡಿದರೆ ಗೋಡೆಯ ತಲೆ ಒಂದೂವರೆ ಇಂಚು ಮುಂದಕ್ಕೆ ವಾಲಿತ್ತು. ಮೇಲ್ಗಡೆ ಗೋಡೆಗೂ ಮಣ್ಣಿಗೂ ನಡುವೆ ಬೆರಳು ತೂರುವಷ್ಟು ಬಿರುಕು ಬಿಟ್ಟು, ಮಳೆನೀರು ಅದರೊಳಗೇ ಇಳಿಯುತ್ತಿತ್ತು. ಸಾಲದ್ದಕ್ಕೆ ಇಂಗುಗುಂಡಿಯನ್ನೂ ತುಂಬಿದ ಮಣ್ಣಿನಲ್ಲೇ ತೋಡಿಸಿದ್ದೆವು. ಆ ಬುದ್ಧಿ ನನ್ನದೇ.

ಮನೆ ಪಕ್ಕದಲ್ಲೇ ಇರುವುದರಿಂದ ಹಿಂದಿನ ಮಣ್ಣು ತೆಗೆಯುವುದು ಅಪಾಯ ಎಂದರು. ಬೇಸಿಗೆಯಲ್ಲಿ ಗೋಡೆಯ ಮುಂಭಾಗದಿಂದಲೇ ಕೊರೆದು, ಬಟ್ಟೆ ಸುತ್ತಿದ ತೂತುಗೊಳವೆಗಳನ್ನು 10 ಅಡಿ ಒಳಕ್ಕೆ, ಹೊರಗಡೆಗೆ ತುಸು ಇಳಿಜಾರಾಗಿ ಕೂರಿಸಿದೆವು. ಮೇಲೆ ಸಿಮೆಂಟ್ ಚರಂಡಿ ಮಾಡಿಸಿ, ಇಂಗುಗುಂಡಿಯನ್ನು ಬೇರೆ ಕಡೆಗೆ ಸರಿಸಿದೆವು. ಗೋಡೆ ಅಲ್ಲಿಗೆ ನಿಂತಿತು, ಆದರೆ ವಾಲಿದ್ದು ಹಿಂದಕ್ಕೆ ಬರಲಿಲ್ಲ.

ಮನೆಯೊಳಗಿನ ಕಥೆ ಬೇರೆ. ಮುಂದಿನ ಕೋಣೆಗಳು ಹುಟ್ಟು ನೆಲದ ಮೇಲೆ, ಹಿಂದಿನ ಅಡುಗೆಮನೆ ತುಂಬಿದ ಮಣ್ಣಿನ ಮೇಲೆ. ಎರಡೂ ಕೂಡುವ ಗೆರೆಯಲ್ಲೇ ಟೈಲ್ಸ್ ಬಿರಿಯಿತು. ಅತ್ತಿಗೆ ಆ ಬಿರುಕಿನ ಮೇಲೆ ಚಾಪೆ ಹಾಸಿದ್ದಾರೆ.

ನನ್ನ ಸರದಿ ಬಂದಾಗ ನೆಲವನ್ನು 18 ಅಡಿ ಅಗಲದ ಮೂರು ಹಂತ ಮಾಡಿಸಿದೆ. ನಡುವೆ 5 ಅಡಿ ಎತ್ತರದ ಎರಡು ಕಲ್ಲುಗೋಡೆ. ಕೊನೆಯ ಇಳಿಜಾರನ್ನು ಮುಟ್ಟದೆ ಲಾವಂಚ ನೆಟ್ಟೆ. ಎತ್ತರ ಅರ್ಧವಾದರೆ ಮಣ್ಣಿನ ನೂಕು ಅರ್ಧವಲ್ಲ, ಕಾಲು ಭಾಗವಾಗುತ್ತದೆ. ನನ್ನ ಒಂದೊಂದು ಗೋಡೆಯ ಮೇಲೆ ಮೀಟರಿಗೆ ಮುಕ್ಕಾಲು ಟನ್ನೂ ಬೀಳುವುದಿಲ್ಲ. ಆದರೆ ಗೋಡೆಗಳು ಒಂದಕ್ಕೊಂದು ಹತ್ತಿರವಿದ್ದರೆ ಈ ಲಾಭ ಸಿಗದು. ಮೇಲಿನದರ ಭಾರ ಕೆಳಗಿನದರ ಬೆನ್ನಿಗೆ ಬೀಳುತ್ತದೆ. ಕೆಳಗಿನ ಗೋಡೆಯ ಎತ್ತರದ ಎರಡರಷ್ಟಾದರೂ ಅಂತರ ಬೇಕು. ಜಾಗ ಉದ್ದಕ್ಕೆ ಚಿಕ್ಕದಿದ್ದವರಿಗೆ ಈ ದಾರಿ ಇಲ್ಲವೇ ಇಲ್ಲ.

ನಕ್ಷೆ ಬದಲಾದದ್ದು ಇಲ್ಲಿ. ಮನೆ ಮೇಲಿನ ಎರಡು ಹಂತಗಳಲ್ಲಿ ಹರಡಿದೆ. ರಸ್ತೆಯ ಮಟ್ಟದಲ್ಲಿ ಜಗಲಿ, ಅಡುಗೆಮನೆ, ಅಮ್ಮನ ಕೋಣೆ, ಅವರ ಬಚ್ಚಲು. ಹತ್ತು ಮೆಟ್ಟಿಲು ಇಳಿದರೆ ನಮ್ಮ ಮಲಗುವ ಕೋಣೆಗಳು. ಅಮ್ಮನ ಮಂಡಿಗೆ ಆ ಮೆಟ್ಟಿಲು ಆಗದು, ಆದ್ದರಿಂದ ಅವರಿಗೆ ಬೇಕಾದದ್ದೆಲ್ಲ ಮೇಲೆಯೇ ಇರಬೇಕೆಂದು ಮೊದಲು ಅದನ್ನು ಗುರುತು ಮಾಡಿ, ಉಳಿದದ್ದನ್ನು ಆಮೇಲೆ ಹೊಂದಿಸಿದೆವು. ಮೇಲಿನ ಹಂತದ ಕಂಬಗಳ ಪಾಯವನ್ನು ತಡೆಗೋಡೆಯ ಬುಡದಷ್ಟು ಆಳದ ಗಟ್ಟಿ ನೆಲಕ್ಕೇ ಇಳಿಸಿದೆವು. ಗೋಡೆ ಮಣ್ಣನ್ನು ಮಾತ್ರ ಹೊರುತ್ತದೆ, ಮನೆಯನ್ನಲ್ಲ.

ಕೆಳಗಿನ ಕೋಣೆಗಳ ಹಿಂದೆ, ತಡೆಗೋಡೆಗೂ ಮನೆಯ ಗೋಡೆಗೂ ನಡುವೆ 3 ಅಡಿ ಓಣಿ ಬಿಟ್ಟಿದ್ದೇವೆ. ಎರಡೂ ತುದಿ ತೆರೆದಿದೆ, ತಳದಲ್ಲಿ ಚರಂಡಿ. ಜಾಗ ದಂಡ ಎಂದು ಅನೇಕರು ಹೇಳಿದರು. ಒಂದು ಮೂಲೆಯಲ್ಲಿ ನಾನೂ ಆಸೆಪಟ್ಟು ಓಣಿಯನ್ನು ನುಂಗಿ ಬಚ್ಚಲು ದೊಡ್ಡದು ಮಾಡಿಸಿದೆ. ಆ ಗೋಡೆಗೆ ಪ್ರತಿ ವರ್ಷ ಬಣ್ಣ ಬಳಿಯುತ್ತೇನೆ, ಪ್ರತಿ ಆಗಸ್ಟಿನಲ್ಲಿ ಅದು ಹಪ್ಪಳದಂತೆ ಎದ್ದು ಉದುರುತ್ತದೆ.

ಖರ್ಚಿನ ಮಾತು: ಅಣ್ಣನ ಗೋಡೆ ಮತ್ತು ಮಣ್ಣಿಗೆ ದುರಸ್ತಿ ಸೇರಿ 9 ಲಕ್ಷ ದಾಟಿತು. ನನ್ನ ಗೋಡೆಗಳಿಗೆ ಅದರ ಅರ್ಧವೂ ಆಗಲಿಲ್ಲ, ಮಣ್ಣಂತೂ ಒಂದು ಲಾರಿಯೂ ಹೊರಗಿನಿಂದ ಬರಲಿಲ್ಲ. ಮನೆಯ ಕೆಲಸದಲ್ಲಿ ಮಾತ್ರ ನನಗೇ ಹೆಚ್ಚು ತಗಲಿತು, ಮಟ್ಟ ಬದಲಾದಲ್ಲೆಲ್ಲ ಕಂಬ, ತೊಲೆ ಹೆಚ್ಚು.

ಕಂಬಗಳ ಮೇಲೇ ಮನೆ ನಿಲ್ಲಿಸುವ ಮೂರನೆಯ ದಾರಿಯೂ ಇತ್ತು. ಅಮ್ಮ ಬೇಡವೆಂದರು, ಅಲ್ಲಿಗೆ ಮುಗಿಯಿತು.

ಕಾರು ಮನೆಯ ಪಕ್ಕಕ್ಕೇ ಬರಬೇಕು, ಅಂಗಳದಲ್ಲಿ ಮಕ್ಕಳು ಚೆಂಡಾಡಬೇಕು ಎನ್ನುವವರಿಗೆ ಅಣ್ಣನ ಮಾದರಿಯೇ ಸರಿ. ನನಗೆ ಕಾರಿಲ್ಲ, ಸೊಪ್ಪು ಬೆಳೆಯುವ ಚಟವಿದೆ, ಮೂರನೆಯ ಹಂತ ಪೂರ್ತಿ ಅದಕ್ಕೇ. ಮಳೆ ಜೋರಾದ ದಿನ ಈಗಲೂ ಕೊಡೆ ಹಿಡಿದು ಅಣ್ಣನ ಗೋಡೆಯ ಕೆಳಗೆ ನಿಂತು ಎಣಿಸುತ್ತೇನೆ. ಕಳೆದ ವಾರ ಹೊಸ ಕೊಳವೆಗಳಲ್ಲಿ ಎರಡು ಬಿಟ್ಟು ಉಳಿದೆಲ್ಲವೂ ಸುರಿಯುತ್ತಿದ್ದವು. ಆ ಎರಡಕ್ಕೆ ಭಾನುವಾರ ಸರಳು ತೆಗೆದುಕೊಂಡು ಹೋಗಬೇಕು.