ಹೊಸ ಬೈಕ್‌ಗೆ 1+5, ಹಳೆಯ 5+5, ವರ್ಷ ವರ್ಷದ ಪಾಲಿಸಿ: ಮೂರನ್ನೂ ಬಳಸಿ ನೋಡಿದ್ದು

ಶಿವಮೊಗ್ಗದ ನಮ್ಮ ಮನೆಯಲ್ಲಿ ಮೂರು ಗಾಡಿಗಳಿವೆ, ಮೂರಕ್ಕೂ ಮೂರು ಥರದ ಇನ್ಶೂರೆನ್ಸ್. ಅಪ್ಪನ ಹಳೇ ಸ್ಕೂಟರ್‌ಗೆ ಪ್ರತಿ ವರ್ಷ ಮಾಡಿಸುವ ಪಾಲಿಸಿ. 2019ರಲ್ಲಿ ನಾನು ಕೊಂಡ 110 ಸಿಸಿ ಸ್ಕೂಟರ್‌ಗೆ 5+5, ಅಂದರೆ ನಮ್ಮ ಗಾಡಿಯ ನಷ್ಟಕ್ಕೆ ಸಿಗುವ ಓನ್ ಡ್ಯಾಮೇಜ್ ಮತ್ತು ಬೇರೆಯವರಿಗೆ ಆದ ನಷ್ಟಕ್ಕೆ ಸಿಗುವ ಥರ್ಡ್ ಪಾರ್ಟಿ ಎರಡನ್ನೂ ಐದೈದು ವರ್ಷಕ್ಕೆ ಕಟ್ಟಿದ ಪಾಲಿಸಿ ಇತ್ತು. 2022ರ ಕೊನೆಯಲ್ಲಿ ತಮ್ಮ ತಂದ 125 ಸಿಸಿ ಬೈಕ್‌ಗೆ 1+5, ಅಂದರೆ ಓನ್ ಡ್ಯಾಮೇಜ್ ಒಂದು ವರ್ಷಕ್ಕೆ, ಥರ್ಡ್ ಪಾರ್ಟಿ ಐದು ವರ್ಷಕ್ಕೆ. ಮೂರರ ಕಾಗದವನ್ನೂ ನಾನೇ ನೋಡಿಕೊಳ್ಳುತ್ತೇನೆ. ಹಾಗಾಗಿ ಯಾವುದರಲ್ಲಿ ಏನು ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಹತ್ತಿರದಿಂದ ನೋಡಿದ್ದೇನೆ.

ಮೊದಲು ಒಂದು ವಿಷಯ. ಹೊಸ ಗಾಡಿಗೆ ಥರ್ಡ್ ಪಾರ್ಟಿಯನ್ನು ವರ್ಷ ವರ್ಷ ಬೇರೆಯಾಗಿ ಕೊಳ್ಳಬಹುದಾ ಎಂದು ತುಂಬಾ ಜನ ಕೇಳುತ್ತಾರೆ. ಆಗುವುದಿಲ್ಲ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. ಅದಿಲ್ಲದೆ ರಿಜಿಸ್ಟ್ರೇಷನ್ ಇಲ್ಲ. ವರ್ಷಕ್ಕೊಮ್ಮೆ ಥರ್ಡ್ ಪಾರ್ಟಿ ಕಟ್ಟುವ ದಾರಿ ತೆರೆಯುವುದು ಆರನೇ ವರ್ಷಕ್ಕೆ. ಆದರೆ ಓನ್ ಡ್ಯಾಮೇಜ್ ಮಾತ್ರ ಬೇರೆಯಾಗಿ, ಬೇರೆ ಕಂಪನಿಯಲ್ಲಿ, ವರ್ಷಕ್ಕೊಂದರಂತೆ ಕೊಳ್ಳಲು 2019ರ ಸೆಪ್ಟೆಂಬರ್‌ನಿಂದ ಅವಕಾಶ ಇದೆ. ನಮ್ಮ ಕೈಯಲ್ಲಿ ಉಳಿದಿರುವ ಆಯ್ಕೆ ಅದೊಂದೇ. ಅದನ್ನು ಚೆನ್ನಾಗಿ ಬಳಸಿಕೊಳ್ಳಬೇಕು ಎನ್ನುವುದೇ ನನ್ನ ಮಾತು.

ಥರ್ಡ್ ಪಾರ್ಟಿಯಲ್ಲಿ ಚೌಕಾಸಿಗೆ ಜಾಗವೂ ಇಲ್ಲ. ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ, ಯಾವ ಕಂಪನಿಗೆ ಹೋದರೂ ಅಷ್ಟೇ. 2019ರಲ್ಲಿ ನನ್ನ ಸ್ಕೂಟರ್‌ಗೆ ಐದು ವರ್ಷಕ್ಕೆ 3,285 ರೂಪಾಯಿ, ಜಿಎಸ್‌ಟಿ ಬೇರೆ. ಅದೇ ವರ್ಗದ ಹಳೇ ಗಾಡಿಗೆ ಆಗ ವರ್ಷಕ್ಕೆ 752, 2022ರ ಜೂನ್‌ನಿಂದ 714. ವರ್ಷ ವರ್ಷ ಕಟ್ಟಿದ್ದರೆ ಐದು ವರ್ಷಕ್ಕೆ ಸುಮಾರು 3,700 ಆಗುತ್ತಿತ್ತು, ಹಾಗಾಗಿ ನನಗೆ ಸ್ವಲ್ಪ ಉಳಿಯಿತು. ತಮ್ಮನ ಬೈಕ್ ಬರುವ ಹೊತ್ತಿಗೆ ಐದು ವರ್ಷದ ದರ 3,851 ಆಗಿತ್ತು. 714ನ್ನು ಐದರಿಂದ ಗುಣಿಸಿದರೆ 3,570. ಇಲ್ಲಿ ಒಟ್ಟಿಗೆ ಕಟ್ಟುವುದೇ ಸ್ವಲ್ಪ ದುಬಾರಿ. ನಡುವೆ ದರ ಏರಿದರೆ ನಮಗೆ ತಟ್ಟುವುದಿಲ್ಲ ಎನ್ನುವುದಷ್ಟೇ ಲಾಭ. ಎರಡು ಮೂರು ನೂರು ರೂಪಾಯಿಯ ಮಾತು, ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನಿಜವಾದ ವ್ಯತ್ಯಾಸ ಇರುವುದು ಓನ್ ಡ್ಯಾಮೇಜ್‌ನಲ್ಲಿ. 1+5ರ ದೊಡ್ಡ ಅಪಾಯವೂ ಅಲ್ಲೇ ಇದೆ. ಪಾಲಿಸಿಯ ಮೊದಲ ಪುಟದಲ್ಲಿ ಎರಡು ಮುಕ್ತಾಯದ ದಿನಾಂಕ ಇರುತ್ತದೆ. ಜನ ನೋಡುವುದು ದೂರದ್ದನ್ನು. ಪೊಲೀಸರು ಗಾಡಿ ನಿಲ್ಲಿಸಿದಾಗ ಥರ್ಡ್ ಪಾರ್ಟಿ ಚಾಲ್ತಿಯಲ್ಲಿದ್ದರೆ ಸಾಕು, ಯಾರೂ ಏನೂ ಕೇಳುವುದಿಲ್ಲ. ಹಾಗಾಗಿ "ಐದು ವರ್ಷದ ಇನ್ಶೂರೆನ್ಸ್ ಇದೆಯಲ್ಲ" ಎಂದು ಸುಮ್ನೆ ಇದ್ದುಬಿಡುತ್ತಾರೆ. ನಮ್ಮ ಬೀದಿಯವರೊಬ್ಬರ ಬೈಕ್ ಮೂರನೇ ವರ್ಷ ಬಸ್ ಸ್ಟ್ಯಾಂಡ್ ಹತ್ತಿರ ಕಳವಾಯಿತು. ಎಫ್‌ಐಆರ್ ಮಾಡಿಸಿ, ಪಾಲಿಸಿ ಹಿಡಿದುಕೊಂಡು ಹೋದರು. ಓನ್ ಡ್ಯಾಮೇಜ್ ಮೊದಲ ವರ್ಷಕ್ಕೇ ಮುಗಿದಿತ್ತು. ಥರ್ಡ್ ಪಾರ್ಟಿ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ. ಕಳವಾದ ಗಾಡಿಗೆ ಒಂದು ರೂಪಾಯಿಯೂ ಬರಲಿಲ್ಲ. ಸಾಲದ ಕಂತು ಮಾತ್ರ ತಪ್ಪಲಿಲ್ಲ.

ಈ ಒಂದು ಅಪಾಯ 5+5ರಲ್ಲಿ ಇರಲಿಲ್ಲ. ಐದು ವರ್ಷ ಏನೂ ನೆನಪಿಡಬೇಕಿರಲಿಲ್ಲ. ಹಾಗಿದ್ದರೂ 2020ರ ಆಗಸ್ಟ್ 1ರಿಂದ ವಿಮಾ ನಿಯಂತ್ರಕರು ಆ ಪಾಲಿಸಿಯನ್ನು ವಾಪಸ್ ತೆಗೆದರು. ಅವರು ಕೊಟ್ಟ ಕಾರಣಗಳಲ್ಲಿ ಮೂರು ನನ್ನ ಅನುಭವಕ್ಕೂ ಸರಿಹೊಂದುತ್ತವೆ. ದೊಡ್ಡ ಮೊತ್ತ ಒಮ್ಮೆಗೇ ಕಟ್ಟಬೇಕು, ಹಾಗಾಗಿ ಅದನ್ನು ಗಾಡಿ ಸಾಲಕ್ಕೇ ಸೇರಿಸಿಬಿಡುತ್ತಿದ್ದರು. ಸರ್ವಿಸ್ ಸರಿ ಇಲ್ಲದಿದ್ದರೂ ಐದು ವರ್ಷ ಅದೇ ಕಂಪನಿ. ಕ್ಲೇಮ್ ಮಾಡದ ವರ್ಷಕ್ಕೆ ಸಿಗುವ ರಿಯಾಯಿತಿ, ಅಂದರೆ ಎನ್‌ಸಿಬಿ, ಒಂದೊಂದು ಕಂಪನಿಯಲ್ಲಿ ಒಂದೊಂದು ಥರ.

5+5ರ ಕಟ್ಟು ಎಂಥದ್ದು ಎಂದು ನನಗೆ ಗೊತ್ತಾದದ್ದು 2021ರ ಮಳೆಗಾಲದಲ್ಲಿ. ಸ್ಕೂಟರ್ ಜಾರಿ ಬಿತ್ತು. ಮುಂದಿನ ಪ್ಯಾನೆಲ್, ಹೆಡ್‌ಲೈಟ್ ಕವರ್, ಮಡ್‌ಗಾರ್ಡ್ ಒಡೆದವು, ಫೋರ್ಕ್ ಬಾಗಿತು. ಬಿಲ್ 7,800 ರೂಪಾಯಿ. ಅದರಲ್ಲಿ ಪ್ಲಾಸ್ಟಿಕ್ ಭಾಗಗಳು 5,000, ಲೋಹದ್ದು 2,000, ಕೂಲಿ 800. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ಗಾಡಿ ಎಷ್ಟೇ ಹೊಸದಿದ್ದರೂ ಅರ್ಧದಷ್ಟು ಸವಕಳಿ ಹಿಡಿಯುತ್ತಾರೆ. ಅಲ್ಲಿಗೆ 2,500 ಹೋಯಿತು. ಲೋಹಕ್ಕೆ ಗಾಡಿಯ ವಯಸ್ಸಿನ ಲೆಕ್ಕ. ಎರಡು ವರ್ಷ ದಾಟಿದ್ದರಿಂದ ಶೇಕಡಾ 15, ಅಂದರೆ 300. ಕೂಲಿ ಪೂರ್ತಿ ಸಿಕ್ಕಿತು. ಕಡ್ಡಾಯ ಕಡಿತ 100. ಕಂಪನಿ ಕೊಟ್ಟದ್ದು 4,900, ನನ್ನ ಜೇಬಿನಿಂದ 2,900. ಇವತ್ತಿನ ಸ್ಕೂಟರ್‌ನಲ್ಲಿ ಹೊರಗೆ ಕಾಣುವುದೆಲ್ಲ ಹೆಚ್ಚುಕಮ್ಮಿ ಪ್ಲಾಸ್ಟಿಕ್ ಅಲ್ವಾ? ಹಾಗಾಗಿ ಝೀರೋ ಡೆಪ್, ಅಂದರೆ ಸವಕಳಿ ಹಿಡಿಯದೆ ಕೊಡುವ ಸೌಲಭ್ಯ, ಇಲ್ಲದ ಪಾಲಿಸಿ ಬಿದ್ದಾಗ ಅರ್ಧ ಮಾತ್ರ ಕೈಹಿಡಿಯುತ್ತದೆ. ಮುಂದಿನ ವರ್ಷದಿಂದಾದರೂ ಝೀರೋ ಡೆಪ್ ಸೇರಿಸೋಣ ಎಂದು ಕೇಳಿದೆ. ಐದು ವರ್ಷಕ್ಕೆ ಬರೆದ ಪಾಲಿಸಿ, ನಡುವೆ ಬದಲಿಸಲು ಆಗುವುದಿಲ್ಲ ಎಂದರು.

ತಮ್ಮನ ಬೈಕ್‌ನಲ್ಲಿ ಈ ಕಟ್ಟು ಇಲ್ಲ. ಎರಡನೇ ವರ್ಷ ಬೇರೆ ಕಂಪನಿಯಿಂದ ಝೀರೋ ಡೆಪ್ ಸಹಿತ ಓನ್ ಡ್ಯಾಮೇಜ್ ಮಾತ್ರ ತೆಗೆದುಕೊಂಡೆವು. ಖರ್ಚು ಎಷ್ಟು ಬರುತ್ತದೆ ಎಂದು ಕೂತು ಲೆಕ್ಕ ಹಾಕಿದ್ದೇನೆ. ಬೈಕ್‌ನ ಎಕ್ಸ್ ಶೋರೂಂ ಬೆಲೆ 90,000 ಎಂದಿಟ್ಟುಕೊಳ್ಳಿ. ಗಾಡಿಗೆ ಕಂಪನಿ ಒಪ್ಪುವ ಬೆಲೆ, ಅಂದರೆ ಐಡಿವಿ, ಎರಡನೇ ವರ್ಷ ಶೇಕಡಾ 20 ಇಳಿದು 72,000. ಆಮೇಲೆ 63,000, 54,000, ಐದನೇ ವರ್ಷಕ್ಕೆ 45,000. 150 ಸಿಸಿವರೆಗಿನ ಗಾಡಿಗೆ ಬೆಂಗಳೂರಿನಂಥ ಮಹಾನಗರ ಬಿಟ್ಟು ಉಳಿದ ಊರಿನಲ್ಲಿ ಹಳೇ ಟ್ಯಾರಿಫ್ ದರ ಐಡಿವಿಯ ಶೇಕಡಾ 1.676. ಎರಡನೇ ವರ್ಷ 1,207 ಆಗುತ್ತದೆ, ಅದರಲ್ಲಿ ಎನ್‌ಸಿಬಿ ಶೇಕಡಾ 20 ಕಳೆದರೆ 965. ಮೂರನೇ ವರ್ಷ ಶೇಕಡಾ 25 ಕಳೆದು 792, ನಾಲ್ಕನೇ ವರ್ಷ 35 ಕಳೆದು 588, ಐದನೇ ವರ್ಷ 45 ಕಳೆದು 415. ನಾಲ್ಕು ವರ್ಷಕ್ಕೆ ಒಟ್ಟು 2,760, ಶೇಕಡಾ 18 ಜಿಎಸ್‌ಟಿ ಸೇರಿದರೆ ಸುಮಾರು 3,260. ಝೀರೋ ಡೆಪ್‌ಗೆ ಮೇಲೆ ಒಂದಿಷ್ಟು. ಇದು ರಿಯಾಯಿತಿ ಇಲ್ಲದ ದರ. ಓನ್ ಡ್ಯಾಮೇಜ್‌ನಲ್ಲಿ ಕಂಪನಿಗಳು ತಮ್ಮದೇ ದರ ಹಾಕಬಹುದು, ಪೈಪೋಟಿಯ ಮೇಲೆ ಇದಕ್ಕಿಂತ ಕಡಿಮೆಗೂ ಕೊಡುತ್ತವೆ. ಅದಕ್ಕೇ ಪ್ರತಿ ವರ್ಷ ನಾಲ್ಕಾರು ಕಡೆ ದರ ಕೇಳುವುದು ಲಾಭ. ದರ ಹೋಲಿಸುವಾಗ ಐಡಿವಿ ಎಲ್ಲ ಕಡೆ ಒಂದೇ ಇದೆಯಾ ನೋಡಿ. ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವುದು ಸುಲಭ.

ಎನ್‌ಸಿಬಿ ಹೋಗುತ್ತದೆ ಎಂದು ಹೆದರಿ ಕ್ಲೇಮ್ ಮಾಡದೇ ಇರುವವರೂ ಇದ್ದಾರೆ. ಕಾರಿಗೆ ಆ ಲೆಕ್ಕ ಸರಿ ಇರಬಹುದು. ಬೈಕ್‌ಗೆ ಮೇಲಿನ ಅಂಕಿಗಳನ್ನೇ ನೋಡಿ. ಮೂರನೇ ವರ್ಷ ಕ್ಲೇಮ್ ಮಾಡಿದರೆ ನಾಲ್ಕನೇ ವರ್ಷ 588ರ ಬದಲು 905, ಐದನೇ ವರ್ಷ 415ರ ಬದಲು 603. ಎರಡು ವರ್ಷದಲ್ಲಿ ಜಿಎಸ್‌ಟಿ ಸೇರಿ ಸುಮಾರು 600 ರೂಪಾಯಿ ಜಾಸ್ತಿ. ಮುಂದಿನ ಒಂದೆರಡು ವರ್ಷ ಇನ್ನೊಂದಿಷ್ಟು. ಐದು ಸಾವಿರದ ಕ್ಲೇಮ್ ಎದುರು ಇದು ಏನೂ ಅಲ್ಲ. ಎಂಟುನೂರರ ಇಂಡಿಕೇಟರ್, ಕನ್ನಡಿಗೆ ಮಾತ್ರ ಕ್ಲೇಮ್ ಬೇಡ.

ಎನ್‌ಸಿಬಿ ನಿಜವಾಗಿ ಕೈತಪ್ಪುವುದು ತಡ ಮಾಡಿದರೆ. ಓನ್ ಡ್ಯಾಮೇಜ್ ಮುಗಿದು 90 ದಿನದೊಳಗೆ ಮಾಡಿಸದಿದ್ದರೆ ಅಷ್ಟು ವರ್ಷದ್ದೂ ಸೊನ್ನೆ. ತಡವಾದರೆ ಇನ್ನೊಂದು ತೊಡಕು ಇದೆ. ಎರಡು ತಿಂಗಳು ಬಿಟ್ಟು ಮಾಡಿಸಿದರೆ ಓನ್ ಡ್ಯಾಮೇಜ್‌ನ ದಿನಾಂಕ ಮುಂದೆ ಹೋಗುತ್ತದೆ, ಥರ್ಡ್ ಪಾರ್ಟಿಯದು ಇದ್ದಲ್ಲೇ ಇರುತ್ತದೆ. ಐದನೇ ವರ್ಷದ ಕೊನೆಗೆ ಥರ್ಡ್ ಪಾರ್ಟಿ ಮೊದಲು ಮುಗಿಯುತ್ತದೆ, ಓನ್ ಡ್ಯಾಮೇಜ್ ಪಾಲಿಸಿ ಇನ್ನೂ ಚಾಲ್ತಿಯಲ್ಲಿರುತ್ತದೆ. ಆಗ "ಪಾಲಿಸಿ ಇದೆ" ಎಂದುಕೊಂಡೇ ಥರ್ಡ್ ಪಾರ್ಟಿ ಇಲ್ಲದೆ ಓಡಿಸುವ ಪರಿಸ್ಥಿತಿ ಬರಬಹುದು. ಎರಡೂ ಒಂದೇ ದಿನಕ್ಕೆ ಮುಗಿಯುವಂತೆ ಇಟ್ಟುಕೊಂಡರೆ ಆರನೇ ವರ್ಷ ಒಂದೇ ಪಾಲಿಸಿಗೆ ಸಲೀಸಾಗಿ ಹೋಗಬಹುದು.

ಆನ್‌ಲೈನ್‌ನಲ್ಲಿ ಮಾಡಿಸುವಾಗ ಒಂದು ಎಚ್ಚರ. ಎರಡರಿಂದ ಐದನೇ ವರ್ಷದವರೆಗೆ ಎರಡೂ ಸೇರಿರುವ ಕಾಂಪ್ರಹೆನ್ಸಿವ್ ಆರಿಸಿದರೆ ಥರ್ಡ್ ಪಾರ್ಟಿಗೆ ಇನ್ನೊಮ್ಮೆ ದುಡ್ಡು ಕಟ್ಟಿದಂತೆ. ಸ್ಟ್ಯಾಂಡ್‌ಅಲೋನ್ ಓನ್ ಡ್ಯಾಮೇಜ್ ಎನ್ನುವುದನ್ನೇ ಆರಿಸಬೇಕು. ಹಳೇ ಪಾಲಿಸಿಯಲ್ಲಿರುವ ಥರ್ಡ್ ಪಾರ್ಟಿ ಕಂಪನಿಯ ಹೆಸರು, ಪಾಲಿಸಿ ನಂಬರ್, ಮುಗಿಯುವ ದಿನ ಕೇಳುತ್ತಾರೆ. ಚಾಲ್ತಿಯಲ್ಲಿರುವ ಥರ್ಡ್ ಪಾರ್ಟಿ ಇಲ್ಲದೆ ಇದನ್ನು ಕೊಡುವುದಿಲ್ಲ. ಹಾಗಾಗಿ ಶೋರೂಂನ ಮೊದಲ ಪಾಲಿಸಿಯನ್ನು ಐದು ವರ್ಷವೂ ಜೋಪಾನ ಮಾಡಬೇಕು.

ಎರಡು ಕಂಪನಿ ಆದಾಗ ಅಪಘಾತದ ದಿನ ಕೆಲಸ ಸ್ವಲ್ಪ ಹೆಚ್ಚು. ನಮ್ಮ ಗಾಡಿಗೂ ಪೆಟ್ಟು, ಎದುರಿನವರಿಗೂ ಗಾಯ ಎಂದಾದರೆ ಎರಡೂ ಕಂಪನಿಗೆ ಬೇರೆ ಬೇರೆಯಾಗಿ ತಿಳಿಸಬೇಕು. ರಿಪೇರಿ ಓನ್ ಡ್ಯಾಮೇಜ್ ಕಂಪನಿಯದು, ಗಾಯಾಳು ಹಾಕುವ ಪರಿಹಾರದ ಕೇಸು ಥರ್ಡ್ ಪಾರ್ಟಿ ಕಂಪನಿಯದು. ಅಪ್ಪನ ವರ್ಷದ ಪ್ಯಾಕೇಜ್ ಪಾಲಿಸಿಯಲ್ಲಿ ಈ ತಲೆನೋವು ಇಲ್ಲ, ಒಂದೇ ನಂಬರ್, ಒಂದೇ ದಿನಾಂಕ. ಹಳೇ ಗಾಡಿಗೆ ನಾನು ಅದನ್ನೇ ಮೆಚ್ಚುತ್ತೇನೆ.

ಇವತ್ತು ಹೊಸ ಗಾಡಿ ತೆಗೆಯುವವರಿಗೆ ನಾನು ಹೇಳುವುದು 1+5, ಆಮೇಲೆ ಪ್ರತಿ ವರ್ಷ ಹುಡುಕಿ ಕೊಳ್ಳುವ ಓನ್ ಡ್ಯಾಮೇಜ್. ಆ ಮೊದಲ 1+5ನ್ನೂ ಶೋರೂಂನಲ್ಲೇ ಮಾಡಿಸಬೇಕೆಂದಿಲ್ಲ. ಇಂಜಿನ್ ಮತ್ತು ಚಾಸಿಸ್ ನಂಬರ್ ಇಸಿದುಕೊಂಡು ರಿಜಿಸ್ಟ್ರೇಷನ್‌ಗೆ ಮುಂಚೆ ನೀವೇ ಮಾಡಿಸಬಹುದು. ಶೋರೂಂ ಕೊಟ್ಟ ಕೊಟೇಷನ್‌ನಲ್ಲಿ ಥರ್ಡ್ ಪಾರ್ಟಿ, ಓನ್ ಡ್ಯಾಮೇಜ್, ಝೀರೋ ಡೆಪ್, ಓನರ್‌ನ 15 ಲಕ್ಷದ ಅಪಘಾತ ವಿಮೆ ಇವನ್ನೆಲ್ಲ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ನಿಮಗೆ ಬೇರೆ ಕಡೆ ಅಷ್ಟು ಮೊತ್ತದ ಅಪಘಾತ ವಿಮೆ ಆಗಲೇ ಇದ್ದರೆ ಕೊನೆಯದನ್ನು ತೆಗೆಸಬಹುದು. ಇಲ್ಲದಿದ್ದರೆ ಅದು ಒಂದು ವರ್ಷಕ್ಕೆ ಇದೆಯಾ, ಐದು ವರ್ಷಕ್ಕೆ ಇದೆಯಾ ಎಂದು ಕೇಳಿ. ಒಂದೇ ವರ್ಷದ್ದಾದರೆ ಅದೂ ಓನ್ ಡ್ಯಾಮೇಜ್ ಜೊತೆಗೇ ಮುಗಿಯುತ್ತದೆ, ಎರಡನೇ ವರ್ಷ ಅದನ್ನೂ ಸೇರಿಸಿ ಮಾಡಿಸಬೇಕು.