ಎಂಟು ತಿಂಗಳ ಸೀರೆ ಲೈವ್: ‘ಬುಕ್’ ಅಂದವರೆಲ್ಲ ದುಡ್ಡು ಹಾಕಲ್ಲ

ಫೋನಿನಲ್ಲಿ ಸೀರೆ ಮಾರುವ ಲೈವ್ ಇರುವ ಗುರುವಾರ ಸಂಜೆ ಕುಕ್ಕರ್ ಇಳಿಸಿದ ಮೇಲೆ ನಮ್ಮ ರಾಜಾಜಿನಗರದ ಮನೆಯ ಹಾಲ್ ಅಂಗಡಿಯಾಗುತ್ತದೆ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ದಪ್ಪ ಮಾರ್ಕರ್‌ನಲ್ಲಿ ನಂಬರ್ ಬರೆದು ಪ್ರತಿ ಸೀರೆಗೂ ಪಿನ್ ಮಾಡುತ್ತೇನೆ. ಲೈವ್ ನೋಡುವವರಿಗೆ ವಿಡಿಯೋ ಕೆಲವು ಸೆಕೆಂಡ್ ತಡವಾಗಿ ತಲುಪುತ್ತದೆ. ನಾನು 18 ಎತ್ತಿ ಹಿಡಿದಾಗ 17ಕ್ಕೆ ‘ಬುಕ್’ ಅಂತ ಕಾಮೆಂಟ್ ಬರುತ್ತಿರುತ್ತದೆ. ನಂಬರ್ ಇಲ್ಲದಿದ್ದರೆ ಯಾರಿಗೆ ಯಾವುದು ಅಂತ ಜಗಳವೇ.

ಮೊದಲೆಲ್ಲ ಆ ‘ಬುಕ್’ಗಳನ್ನು ಎಣಿಸಿಯೇ ಹಿಗ್ಗುತ್ತಿದ್ದೆ. ಒಂದು ರಾತ್ರಿ 24 ಬಂತು. ದುಡ್ಡು ಹಾಕಿದವರು 13 ಜನ. ಉಳಿದ 11 ಸೀರೆ ಎರಡು ದಿನ ಬುಕ್ ಅಂದವರ ಹೆಸರಲ್ಲಿ ಬೀರುವಿನಲ್ಲಿ ಕೂತವು. “ಅಕ್ಕಾ, ನಾಳೆ ಹಾಕ್ತೀನಿ.” ಮರುದಿನ, “ಯಜಮಾನ್ರನ್ನ ಕೇಳಿ ಹೇಳ್ತೀನಿ.” ಆಮೇಲೆ ನೀಲಿ ಟಿಕ್ ಮಾತ್ರ. ಅದರಲ್ಲಿದ್ದ ಒಂದು ಇಳಕಲ್ ಸೀರೆಯನ್ನು ಇನ್ನೊಬ್ಬರು ಎರಡು ಸಲ ಕೇಳಿದ್ದರು. ಹೋಯ್ತು ಅಂದಿದ್ದೆ. ಮತ್ತೆ ಫೋನ್ ಮಾಡುವಷ್ಟರಲ್ಲಿ ಅವರು ಬೇರೆ ಕಡೆ ತಗೊಂಡಾಗಿತ್ತು.

ಹೋದ 13ರಲ್ಲೂ ಎರಡು ವಾಪಸ್ ಬಂದವು. ನೇರಳೆ ಬಣ್ಣ ಫೋನಿನಲ್ಲಿ ನೀಲಿಯಾಗಿ ಕಂಡಿತ್ತು, ಅದು ನನ್ನ ತಪ್ಪೇ. ಈಗ ಅಂಥ ಸೀರೆಯನ್ನು ಬೆಳಗ್ಗೆ ಕಿಟಕಿ ಹತ್ತಿರ ಹಿಡಿದು ಫೋಟೋ ತೆಗೆದಿಟ್ಟಿರುತ್ತೇನೆ.

ಲೆಕ್ಕ ನೋಡಿ. ಸೀರೆಗೆ ನನಗೆ ಉಳಿಯುವುದು 300 ರೂಪಾಯಿ. ವಾಪಸ್ ಬಂದ ಎರಡು ಬಿಟ್ಟು ಮಾರಾಟವಾದ 11 ಸೀರೆಗೆ 3,300. ಕಾಮೆಂಟ್ ಬರೆದುಕೊಳ್ಳುವ ಹುಡುಗಿಗೆ 500. ಕೊರಿಯರ್, ಕವರ್ ಸೇರಿ 13 ಪಾರ್ಸೆಲ್‌ಗೆ 1,300. ವಾಪಸ್ ತರಿಸಿದ್ದಕ್ಕೆ 160. ಕೈಗೆ ಬಂದಿದ್ದು 1,340. ಅದಕ್ಕೆ ಎರಡು ಗಂಟೆ ಲೈವ್, ಇಸ್ತ್ರಿ, ಪ್ಯಾಕಿಂಗ್, ದುಡ್ಡು ಕೇಳುವ ಮೆಸೇಜು, ಒಟ್ಟು ಏಳು ಗಂಟೆ. ಬರೀ ಲೈವ್‌ನ ಎರಡು ಗಂಟೆ ಲೆಕ್ಕ ಹಾಕಿ ಲಾಭ ಅಂದುಕೊಂಡಿದ್ದೆ!

ನಾಲ್ಕನೇ ತಿಂಗಳಿಂದ ನಿಯಮ ಬದಲಿಸಿದೆ. ಬುಕ್ ಅಂದವರು 15 ನಿಮಿಷದಲ್ಲಿ ಯುಪಿಐ ಮಾಡಬೇಕು. ಇಲ್ಲದಿದ್ದರೆ ಸೀರೆ ಪಟ್ಟಿಯಲ್ಲಿರುವ ಮುಂದಿನವರಿಗೆ. ಸ್ಕ್ರೀನ್‌ಶಾಟ್ ನಂಬುವುದಿಲ್ಲ, ತಿದ್ದಿದ್ದು ಒಮ್ಮೆ ಬಂದಿತ್ತು. ಬ್ಯಾಂಕ್ ಆ್ಯಪ್ ತೆರೆದು ದುಡ್ಡು ಬಂದಿದೆಯಾ ಅಂತಲೇ ನೋಡುತ್ತೇನೆ. ಇಬ್ಬರು ಹಳೇ ಗಿರಾಕಿಗಳು ಮುನಿಸಿಕೊಂಡರು. ಬುಕ್ಕಿಂಗ್ 15ಕ್ಕೆ ಇಳಿಯಿತು, ಆದರೆ ದುಡ್ಡು ಹಾಕಿದವರು 14.

ಆದರೂ ವಾರವಾರ ಮಾಡುವಷ್ಟು ಹೊಸ ಸ್ಟಾಕ್ ಚಿಕ್ಕಪೇಟೆಯಿಂದ ತರಲು ನನ್ನ ಬಂಡವಾಳ ಸಾಲದು. ತೋರಿಸಿದ್ದನ್ನೇ ತೋರಿಸಿದರೆ ಜನ ಬರಲ್ಲ. ಈಗ ತಿಂಗಳಿಗೆ ಎರಡೇ ಲೈವ್.

ಬಿಡದಿರುವುದಕ್ಕೆ ಕಾರಣ ಬೇರೆ. ಒಂದೂ ಕಾಮೆಂಟ್ ಹಾಕದೆ ಸುಮ್ನೆ ನೋಡುವವರಿದ್ದಾರೆ. ಅಡುಗೆ ಮುಗಿಸಿ ರೆಕಾರ್ಡಿಂಗ್ ನೋಡುತ್ತಾರೆ. ಮರುದಿನ ಹನ್ನೊಂದಕ್ಕೆ ಫೋನ್: “ಆ 32ನೇ ನಂಬರ್ ಇದೆಯೇನಮ್ಮಾ? ಸೆರಗು ಇನ್ನೊಂದು ಸಲ ತೋರಿಸ್ತೀಯಾ?” ಚೌಕಾಸಿ ಇಲ್ಲ. ಸೆರಗಿನ ಫೋಟೋ ಕಳಿಸಿ ಕಾಫಿ ಕುಡಿಯುವಷ್ಟರಲ್ಲಿ ದುಡ್ಡು ಬಂದಿರುತ್ತದೆ.