ಫೋಟೋದಲ್ಲಿ ಬಣ್ಣ ತೋರಿಸಿ ಕೆಲಸ ಶುರು ಮಾಡಿದ್ದಕ್ಕೆ ಆದ ನಷ್ಟ

ಪೇಂಟಿಂಗ್ ಕೆಲಸ ಮಾಡುವ ಅಣ್ಣಂದಿರೇ, ನನಗಾದ ನಷ್ಟ ನಿಮಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ಗಾಳಿಬೀಡು ಕಡೆ ಒಂದು ಹೋಂಸ್ಟೇ. ಗೋಡೆಗೆ ಹಳೆಯ ತಿಳಿ ಹಳದಿ ಬಣ್ಣ ಇತ್ತು. ಮನೆಯಾಕೆಗೆ ತಿಳಿ ಬೂದು ಬೇಕಿತ್ತು. ಮನೆಯ ಫೋಟೋ ತೆಗೆದು, ಫೋಟೋ ಎಡಿಟರ್‌ನಲ್ಲಿ ಗೋಡೆಯನ್ನು ಸೆಲೆಕ್ಟ್ ಮಾಡಿ, ಮೇಲೆ ಬೂದು ಬಣ್ಣದ ಲೇಯರ್ ಹಾಕಿ, ಅದಕ್ಕೆ `Multiply` ಬ್ಲೆಂಡ್ ಮೋಡ್ ಕೊಟ್ಟೆ. ಹಾಗೆ ಕೊಟ್ಟರೆ ಗೋಡೆಯ ನೆರಳು, ಪಾಚಿ, ಸಿಮೆಂಟಿನ ತರಿ ಎಲ್ಲಾ ಹಾಗೇ ಉಳಿಯುತ್ತದೆ, ಚಿತ್ರ ನಿಜವಾದ ಮನೆಯಂತೇ ಕಾಣುತ್ತದೆ. ಮನೆಯಾಕೆ ನೋಡಿ, ತುಂಬಾ ಚೆನ್ನಾಗಿದೆ, ಇದೇ ಇರಲಿ ಅಂದರು.

ಮಳೆ ನಿಂತು ಗೋಡೆ ಒಣಗಿದ ಮೇಲೆ ಪ್ರೈಮರ್ ಹೊಡೆದು ಎರಡು ಗೋಡೆ ಮುಗಿಸಿದೆವು. ಮಂಜಿನಲ್ಲಿ ಮನೆ ನೀಲಿಗಟ್ಟಿದ ಹಾಗೆ ಕಾಣುತ್ತಿತ್ತು. "ಏನಪ್ಪಾ, ಫೋಟೋದಲ್ಲಿ ಹೀಗಿರಲಿಲ್ಲ ಅಲ್ವಾ?" ಅಂದರು. ಅವರು ಹೇಳಿದ್ದು ಸರಿ. `Multiply` ಹಳೆಯ ಬಣ್ಣವನ್ನು ಮುಚ್ಚುವುದಿಲ್ಲ, ಅದರ ಜೊತೆ ಬೆರೆಯುತ್ತದೆ. ಅವರು ಮೆಚ್ಚಿದ್ದು ಹಳದಿಯೂ ಬೂದುವೂ ಸೇರಿದ ಮರಳಿನ ಬಣ್ಣ, ಡಬ್ಬದಲ್ಲಿ ಇದ್ದದ್ದು ಬರೀ ಬೂದು. ಮಿಕ್ಸ್ ಮಾಡಿಸಿದ ಬಣ್ಣವನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ, 20 ಲೀಟರ್ ನನ್ನ ತಲೆ ಮೇಲೆ ಬಂತು.

ಈಗ ಮೊದಲು ಗೋಡೆಯ ಭಾಗಕ್ಕೆ ಮಾತ್ರ `Saturation` ಪೂರ್ತಿ ಇಳಿಸಿ, ಬಿಸಿಲು ಬಿದ್ದ ಜಾಗ ಹೆಚ್ಚುಕಡಿಮೆ ಬಿಳಿ ಆಗುವಷ್ಟು ಬೆಳಕು ಏರಿಸುತ್ತೇನೆ. ಆಮೇಲೆಯೇ ಹೊಸ ಬಣ್ಣ. ಅಷ್ಟಾದರೂ ಫೋಟೋ ನೋಡಿ ಬಣ್ಣ ಖರೀದಿಸುವುದಿಲ್ಲ. ಒಂದು ಲೀಟರ್ ತಂದು, ಪ್ರೈಮರ್ ಮೇಲೆ ಎರಡಡಿ ಚೌಕಕ್ಕೆ ಎರಡು ಕೋಟ್ ಹೊಡೆದು, ಒಣಗಿದ ಮೇಲೆ ಬೆಳಗಿನ ಮಂಜಿನಲ್ಲೂ ಮಧ್ಯಾಹ್ನದ ಬಿಸಿಲಲ್ಲೂ ಮನೆಯವರಿಗೇ ತೋರಿಸುತ್ತೇನೆ.

ಅದೇ ಹೋಂಸ್ಟೇಯ ಬೋರ್ಡಿನ ವಿಷಯ ಇನ್ನೂ ಬೇಜಾರು. ಅದನ್ನೂ ಫೋಟೋದಲ್ಲೇ ಕೂರಿಸಿ ತೋರಿಸಿದ್ದೆ. ಬಾಗಿಲಿನ ಎತ್ತರ ಏಳಡಿ, ಚಿತ್ರದಲ್ಲಿ 350 ಪಿಕ್ಸೆಲ್, ಅಂದರೆ ಅಡಿಗೆ 50. ಆ ಲೆಕ್ಕದಲ್ಲಿ ಆರಡಿ ಅಗಲದ ಬೋರ್ಡನ್ನು 300 ಪಿಕ್ಸೆಲ್‌ನಲ್ಲಿ ಬರೆದು ಕೂರಿಸಿದೆ. ಆದರೆ ಬೋರ್ಡ್ ಬರಬೇಕಾದದ್ದು ಜಗಲಿಯ ಮುಂಗೋಡೆಯಲ್ಲಿ, ಅದು ಬಾಗಿಲಿಗಿಂತ ಎಂಟಡಿ ಮುಂದಿದೆ. ನಾನು ಫೋಟೋ ತೆಗೆದದ್ದು ಬಾಗಿಲಿನಿಂದ 48 ಅಡಿ ದೂರದಲ್ಲಿ, ಮುಂಗೋಡೆಗೆ 40 ಅಡಿ. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ಅಲ್ಲಿ ಅಡಿಗೆ 60 ಪಿಕ್ಸೆಲ್. ಮನೆಯವರು ಚಿತ್ರದಲ್ಲಿ ಒಪ್ಪಿದ್ದು ಐದಡಿ ಬೋರ್ಡನ್ನು, ನಾನು ಮಾಡಿಸಿದ್ದು ಆರಡಿಯದ್ದು! ಎರಡು ವೆಂಟಿಲೇಟರ್ ನಡುವೆ ಇದ್ದದ್ದೇ ಐದೂವರೆ ಅಡಿ. ಎರಡರ ಅಂಚೂ ಮುಚ್ಚಿಹೋಯಿತು, ಬೋರ್ಡ್ ಮತ್ತೆ ಮಾಡಿಸಬೇಕಾಯಿತು.

ಅಳತೆಗೆ ಬಾಗಿಲು ಹಿಡಿಯಬೇಡಿ. ಬೋರ್ಡ್ ಕೂರುವ ಅದೇ ಗೋಡೆಯಲ್ಲಿ ಇರುವ ವೆಂಟಿಲೇಟರನ್ನೋ ಕಿಟಕಿಯನ್ನೋ ಟೇಪ್ ಹಿಡಿದು ಅಳೆಯಿರಿ. ಆರ್ಡರ್ ಕೊಡುವ ಮುಂಚೆ ಅದೇ ಅಳತೆಗೆ ರಟ್ಟು ಕತ್ತರಿಸಿ ಗೋಡೆಗೆ ಅಂಟಿಸಿ, ಮನೆಯವರನ್ನು ಗೇಟಿನ ಹತ್ತಿರ ನಿಲ್ಲಿಸಿ ತೋರಿಸಿ.